ಹಿಂಬದಿ ರಕ್ಷಾಪುಟದಲ್ಲಿ ಓದುಗರ ಪಾಲು

ಕನ್ನಡದ ಕಥಾಸಂಕಲನಗಳ ಮುಖಪುಟದ ಮೇಲೆ ಈಗ ಸಾಕಷ್ಟು ಶ್ರಮ ಬೀಳುತ್ತಿದೆ. ಹಿಂಬದಿಯ ಬಗ್ಗೆ ಆ ಮಾತು ಹೇಳುವಂತಿಲ್ಲ. ಬೆನ್ನುಡಿ, ಲೇಖಕರ ಪರಿಚಯ, ಬೆಲೆ, ಬಾರ್‌ಕೋಡ್ ನಾಲ್ಕೂ ಅಲ್ಲಿರುತ್ತವೆ. ಆದರೆ ಪುಸ್ತಕವನ್ನು ಕೈಯಲ್ಲಿ ಹಿಡಿದು, ಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಅವುಗಳಿಂದ ಸಿಗುವ ನೆರವು ತೀರಾ ಕಡಿಮೆ.

ದೊಡ್ಡ ಕೊರತೆ ಇರುವುದು ಬೆನ್ನುಡಿಯಲ್ಲಿ. ಹಿರಿಯರೊಬ್ಬರು ಬರೆದ ಮುನ್ನುಡಿಯಿಂದ ಒಂದು ಪ್ಯಾರಾ ಎತ್ತಿ ಹಿಂದೆ ಹಾಕುವುದು ನಮ್ಮಲ್ಲಿ ರೂಢಿ. ಮುನ್ನುಡಿ ಬರೆಯುವವರು ಕತೆಗಳನ್ನು ಓದಿ ಮುಗಿಸಿ, ಅವುಗಳ ಬಗ್ಗೆ ತೀರ್ಪು ಕೊಡುತ್ತಾರೆ. ಬೆನ್ನುಡಿ ಓದುವವರು ಇನ್ನೂ ಮೊದಲ ಪುಟವನ್ನೇ ತೆರೆದಿರುವುದಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳ ಕುರಿತ ಸಂಕಲನವೊಂದನ್ನು ಊಹಿಸಿಕೊಳ್ಳಿ. ‘ಮಾನವೀಯ ಅಂತಃಕರಣದ ಭರವಸೆಯ ಕತೆಗಾರ’ ಎಂದರೆ ಆ ಮಾತು ಬೇರೆ ಯಾವ ಪುಸ್ತಕದ ಹಿಂದೆ ಹಾಕಿದರೂ ಹೊಂದುತ್ತದೆ. ‘ಕರೆಂಟು ಹೋಗಿ ಮಗ್ಗ ನಿಂತ ರಾತ್ರಿಗಳಲ್ಲಿ ನಡೆಯುವ ಒಂಬತ್ತು ಕತೆಗಳು, ಸಾಲ ಕೊಟ್ಟವನೂ ಪಡೆದವನೂ ಒಂದೇ ಗೋಡೆಯ ಆಚೀಚೆ ಬದುಕುವವರು’ ಎಂದರೆ ಆ ಪುಸ್ತಕವೇ ಕಣ್ಣಿಗೆ ಬೀಳುತ್ತದೆ. ಬೆನ್ನುಡಿಯ ಗುಣಮಟ್ಟ ಅಳೆಯಲು ಇಷ್ಟು ಸಾಕು: ಇನ್ನೊಂದು ಪುಸ್ತಕದ ಹಿಂದೆ ಅದು ಸಲ್ಲುವುದಾದರೆ ಈ ಪುಸ್ತಕಕ್ಕೆ ಅದು ಕೆಲಸ ಮಾಡಿಲ್ಲ.

ಪರಿಚಯದ ಕತೆಯೂ ಇದೇ. ಬಹುಮಾನಗಳ ಪಟ್ಟಿ, ಹಿಂದಿನ ಕೃತಿಗಳ ಪಟ್ಟಿ ಸೇರಿ ಹತ್ತು ಸಾಲು ತುಂಬುತ್ತದೆ. ಈ ಕತೆಗಾರ ಮಗ್ಗದ ಕೆಲಸವನ್ನು ಹತ್ತಿರದಿಂದ ಬಲ್ಲವರೇ ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಊರು, ವೃತ್ತಿ, ವಸ್ತುವಿನೊಂದಿಗಿನ ನಂಟು, ಒಂದೆರಡು ಮುಖ್ಯ ಕೃತಿ: ನಲವತ್ತೈದು ಪದಗಳಲ್ಲಿ ಇದೆಲ್ಲ ಹಿಡಿಯುತ್ತದೆ. ಉಳಿದ ಪಟ್ಟಿಗೆ ಒಳಪುಟವಿದೆ.

ಹೀಗೆ ಪದ ಎಣಿಸುವುದಕ್ಕೆ ಕಾರಣ ಜಾಗ. ಡೆಮಿ 1/8 ಪುಸ್ತಕದ ಹಿಂಬದಿ ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ. ಅಂಚು ಬಿಟ್ಟರೆ ಸಾಲಿನ ಉದ್ದ ಹನ್ನೊಂದೂವರೆ ಸೆಂ.ಮೀ. ಕನ್ನಡಕ್ಕೆ ಒತ್ತಕ್ಷರಗಳಿರುವುದರಿಂದ 12 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟಿನಷ್ಟು ಸಾಲಿನ ಅಂತರ ಬೇಕು. ಆ ಲೆಕ್ಕದಲ್ಲಿ ತೊಂಬತ್ತು ಪದಗಳ ಬೆನ್ನುಡಿ ಹದಿನಾಲ್ಕು ಸಾಲಾಗಿ ಒಂಬತ್ತು ಸೆಂ.ಮೀ. ಎತ್ತರ ತೆಗೆದುಕೊಳ್ಳುತ್ತದೆ. ಚಿಕ್ಕ ಫೋಟೋ ಮತ್ತು ಪರಿಚಯಕ್ಕೆ ನಾಲ್ಕು, ಬಾರ್‌ಕೋಡಿಗೆ ಮೂರು ಸೆಂ.ಮೀ. ಕೊಟ್ಟರೂ ಉಸಿರಾಡಲು ಜಾಗ ಉಳಿಯುತ್ತದೆ. ಬೆನ್ನುಡಿ ಇನ್ನೂರು ಪದವಾದರೆ ವಿನ್ಯಾಸಕಾರರು ಮೊದಲು ಅಕ್ಷರ ಕಿರಿದು ಮಾಡುತ್ತಾರೆ, ಆಮೇಲೆ ಬಾರ್‌ಕೋಡನ್ನೂ.

ತಪ್ಪು ತಾಂತ್ರಿಕವಾಗುವುದು ಇಲ್ಲಿಯೇ. ಹದಿಮೂರು ಅಂಕಿಯ ಐಎಸ್‌ಬಿಎನ್ ಬಾರ್‌ಕೋಡಿನ ಸಹಜ ಅಳತೆ ಅಗಲ 37 ಮಿ.ಮೀ., ಎತ್ತರ 26 ಮಿ.ಮೀ. ಶೇಕಡಾ 80ಕ್ಕಿಂತ ಕಿರಿದಾಗಿಸಬಾರದು. ಗೆರೆಗಳ ಎರಡೂ ಪಕ್ಕದ ಖಾಲಿ ಜಾಗ ಅದೇ ಅಳತೆಯ ಭಾಗ. ಅದರೊಳಕ್ಕೆ ಚಿತ್ರ ನುಗ್ಗಿದರೆ ಗೆರೆ ಎಲ್ಲಿ ಶುರುವಾಯಿತೆಂದು ಯಂತ್ರಕ್ಕೆ ತಿಳಿಯುವುದಿಲ್ಲ. ಮುಖಪುಟದ ಬಣ್ಣಕ್ಕೆ ಹೊಂದಲೆಂದು ಗೆರೆಗಳನ್ನು ಕೆಂಪಾಗಿಸುವುದು ಇನ್ನೂ ಕೆಟ್ಟದ್ದು. ಅಂಗಡಿಗಳ ಅನೇಕ ಸ್ಕ್ಯಾನರ್‌ಗಳದು ಕೆಂಪು ಬೆಳಕು. ಅದಕ್ಕೆ ಕೆಂಪು ಗೆರೆಯೂ ಬಿಳಿ ಕಾಗದವೂ ಒಂದೇ. ಬಿಳಿಯ ಮೇಲೆ ಕಪ್ಪು ಇದ್ದರೆ ಚಿಂತೆಯಿಲ್ಲ.

ಕೆಳಗಿನ ಬಲಮೂಲೆ ಬಾರ್‌ಕೋಡಿಗೆ ಒಗ್ಗುವ ಜಾಗ. ಹಿಂಬದಿಯಲ್ಲಿ ಬಲಕ್ಕಿರುವುದು ಪುಸ್ತಕದ ಬೆನ್ನು. ಬೈಂಡಿಂಗ್ ಆದಮೇಲೆ ಕತ್ತರಿಸುವುದು ಉಳಿದ ಮೂರು ಬದಿಗಳನ್ನು. ಹಾಗಂತ ಬೆನ್ನಿಗೆ ತೀರಾ ಒತ್ತಿ ಇಡುವಂತಿಲ್ಲ. ಕಾಗದ ಬದಲಾಗಿ ಬೆನ್ನಿನ ದಪ್ಪ ಎರಡು ಮಿ.ಮೀ. ಹೆಚ್ಚಿದರೆ ಮಡಿಕೆ ಗೆರೆಗಳ ಮೇಲೇ ಬೀಳುತ್ತದೆ. ಒಂದು ಸೆಂ.ಮೀ. ಬಿಟ್ಟರೆ ಆ ಭಯವಿಲ್ಲ.

ಬೆಲೆಯನ್ನು ಬಾರ್‌ಕೋಡಿನ ಪಕ್ಕದಲ್ಲೇ, ಪ್ರತ್ಯೇಕ ಸಾಲಾಗಿ ಅಚ್ಚು ಹಾಕುವುದು ಮೇಲು. ನಮ್ಮ ಪುಸ್ತಕಗಳ ಹದಿಮೂರು ಅಂಕಿಗಳಲ್ಲಿ ಬೆಲೆ ಅಡಗಿರುವುದಿಲ್ಲ. ಆದ್ದರಿಂದ ಬೆಲೆ ಮಾತ್ರ ಬದಲಾದ ಮರುಮುದ್ರಣಕ್ಕೆ ಹೊಸ ಐಎಸ್‌ಬಿಎನ್ ಬೇಕಿಲ್ಲ. ಕತೆಗಳನ್ನು ಗಣನೀಯವಾಗಿ ಪರಿಷ್ಕರಿಸಿದ ಆವೃತ್ತಿಗೆ ಬೇಕು. ಹಳೆಯ ರಕ್ಷಾಪುಟದ ಫೈಲನ್ನೇ ಬಳಸಿದಾಗ ಹಳೆಯ ಸಂಖ್ಯೆಯೂ ಉಳಿದು, ಅಂಗಡಿಯ ಕಂಪ್ಯೂಟರಿನಲ್ಲಿ ಎರಡು ಆವೃತ್ತಿ ಒಂದಾಗುತ್ತವೆ. ಬೆಲೆಯ ಸುತ್ತ ಚೀಟಿ ಅಂಟಿಸುವಷ್ಟು ಖಾಲಿ ಬಿಡದಿದ್ದರೆ ಹೊಸ ಬೆಲೆಯ ಚೀಟಿ ಗೆರೆಗಳನ್ನೇ ಮುಚ್ಚುತ್ತದೆ.

ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿಕೊಂಡ ಪ್ರಕಾಶನಕ್ಕೆ ಹಿಂಬದಿಯನ್ನು ಓದಿ ಕೊಳ್ಳುವವರು ಮುಖ್ಯವೆನಿಸಿರಲಿಕ್ಕಿಲ್ಲ. ಇಂದು ಆನ್‌ಲೈನ್ ಮಳಿಗೆಯಲ್ಲೂ ಪುಸ್ತಕದ ವಿವರವಾಗಿ ಹೋಗುವುದು ಬಹುಪಾಲು ಇದೇ ಬೆನ್ನುಡಿ. ಹಾಗಾಗಿ ಪ್ರಕಾಶಕರು ಕ್ರಮ ಬದಲಿಸಬೇಕು: ಬಾರ್‌ಕೋಡ್ ಮತ್ತು ಬೆಲೆಯ ಜಾಗ ಮೊದಲು ನಿಗದಿಯಾಗಲಿ, ಉಳಿದ ಜಾಗಕ್ಕೆ ತಕ್ಕಂತೆ ಬೆನ್ನುಡಿಯನ್ನು ಸಂಪಾದಕರೇ ಹೊಸದಾಗಿ ಬರೆಯಲಿ. ಅಚ್ಚಾದ ಮೊದಲ ಹಾಳೆಯನ್ನು ಸ್ಕ್ಯಾನ್ ಮಾಡಿ ನೋಡಲಿ. ಹಸ್ತಪ್ರತಿ ಓದಿರದ ಒಬ್ಬರಿಗೆ ಆ ಹಾಳೆ ಕೊಟ್ಟು, ಇದು ಯಾವುದರ ಕತೆ ಎಂದು ಕೇಳಲಿ. ಅವರು ಉತ್ತರಿಸಲಾರದೆ ಹೋದರೆ ಆ ಪುಟವನ್ನು ಮುದ್ರಣಕ್ಕೆ ಬಿಡಬಾರದು.