ಹಾವು ಕೊನೆಗೆ ಬರಲಿ

ಹಬ್ಬಕ್ಕೆ ನೆಂಟರು ಕೂಡಿದರೆ ನಮ್ಮ ಕೊಣ್ಣೂರಿನಲ್ಲೂ ಈಗ ಇಮೋಜಿ ನೋಡಿ ಸಿನಿಮಾ ಹೇಳುವ ಆಟ. ಆದರೆ ಆಡಿಸುವವರ ರುಚಿ ನೋಡಿದರೆ ಸಿಟ್ಟು ಬರುತ್ತದೆ. ⛏️🥇 ಹಾಕುತ್ತಾರೆ, ಪಡಸಾಲೆಯೆಲ್ಲ ‘ಕೆ.ಜಿ.ಎಫ್!’ ಎಂದು ಕಿರುಚುತ್ತದೆ. 🌧️ ಹಾಕುತ್ತಾರೆ, ‘ಮುಂಗಾರು ಮಳೆ!’ ಹೆಸರನ್ನೇ ಚಿತ್ರ ಬರೆದು ಕೈಗಿಟ್ಟ ಮೇಲೆ ಒಗಟು ಎಲ್ಲಿ ಉಳಿಯಿತು?

ನನ್ನ ಕಣ್ಣು ತೆರೆಸಿದವಳು ತಂಗಿಯ ಮಗಳು. ಒಂದು ದೀಪಾವಳಿಗೆ ಬಂದವಳು ಬರೀ 🐇 ಹಾಕಿ ಸುಮ್ಮನೆ ಕೂತಳು. ಹುಡುಗರು ಯಾವುದೋ ಕಾರ್ಟೂನ್ ಹೆಸರು ಹೇಳಿದರು. ಆಮೇಲೆ 💔 ಬಂತು. ಒಳಗೆ ಚುರುಮುರಿ ಕಲಸುತ್ತಿದ್ದ ಕಾಕು ಅಲ್ಲಿಂದಲೇ, “ಏ, ಅದು ಗಣೇಶನ ದೇವದಾಸ ಮೊಲ ಅಲ್ಲೇನ!” ಅಂದರು. 2006ರ ಆ ಸಿನಿಮಾಕ್ಕೆ ಮಳೆಯ ಚಿತ್ರ ಬೇಕಾಗಲೇ ಇಲ್ಲ.

ರುಚಿಯೆಲ್ಲ ಚಿತ್ರ ಬರುವ ಕ್ರಮದಲ್ಲಿದೆ. ಎಲ್ಲವನ್ನೂ ಒಟ್ಟಿಗೆ ಸುರಿಯಬಾರದು, ಒಂದೊಂದಾಗಿ ಬಿಡಬೇಕು. ಕಥೆಯ ಒಳಗಿನದು ಮೊದಲು, ಹೆಸರಿನದು ಕಟ್ಟಕಡೆಗೆ. 1972ರ ‘ನಾಗರಹಾವು’ ತೆಗೆದುಕೊಳ್ಳಿ. ಮೊದಲು 🏰. ಬೆಳಗಾವಿ ಸೀಮೆಯವರು ತಕ್ಷಣ ‘ಕಿತ್ತೂರು ಚೆನ್ನಮ್ಮ’ ಅನ್ನುತ್ತಾರೆ, ಹಿರಿಯರು ‘ಮಯೂರ’ದ ಕಡೆ ಹೋಗುತ್ತಾರೆ. ಹೋಗಲಿ ಬಿಡಿ, ಹಾದಿ ತಪ್ಪಿಸಲೆಂದೇ ಅದನ್ನು ಇಟ್ಟದ್ದು. ಎರಡನೆಯದು 👨‍🏫. ಈಗ ರಾಜರಾಣಿಯರೆಲ್ಲ ಬಿದ್ದುಹೋದರು. ಕೋಟೆ ಚಿತ್ರದುರ್ಗದ್ದು, ಮೇಷ್ಟ್ರು ಚಾಮಯ್ಯ ಎಂದು ಯಾರಿಗಾದರೂ ಹೊಳೆಯಬೇಕು. ಮೂರನೆಯದು 👩👩: ಅಲಮೇಲು, ಮಾರ್ಗರೆಟ್. ಆಗಲೂ ಬಾಯಿ ಬಿಡದವರಿಗೆ ಮಾತ್ರ 🐍. ಮೊದಲ ಚಿತ್ರಕ್ಕೆ ಹೇಳಿದವರಿಗೆ ಹತ್ತು ಅಂಕ, ಹಾವು ಕಂಡ ಮೇಲೆ ಹೇಳಿದವರಿಗೆ ಒಂದು. ಹಾವನ್ನೇ ಮೊದಲು ತೋರಿಸಿದರೆ ಒಬ್ಬರು ‘ನಾಗರಹಾವು’, ಇನ್ನೊಬ್ಬರು ‘ನಾಗರಹೊಳೆ’ ಎಂದು ಜಗಳಾಡುತ್ತಾರೆ, ಇಬ್ಬರಿಗೂ ಅಂಕ ಕೊಡಬೇಕಾಗುತ್ತದೆ.

ಒಗಟು ಕೆಟ್ಟಿದೆಯೋ ಇಲ್ಲವೋ ತಿಳಿಯಲು ಮೊದಲೇ ಇಬ್ಬರ ಮೇಲೆ ಪರೀಕ್ಷೆ ಮಾಡಿ, ಒಬ್ಬರು ಸಿನಿಮಾ ನೋಡಿದವರು, ಒಬ್ಬರು ನೋಡದವರು. ನೋಡದವರು ಮೂರನೆಯ ಚಿತ್ರದೊಳಗೇ ಹೇಳಿದರೆ ಹೆಸರು ಎಲ್ಲೋ ಸೋರಿದೆ. ನೋಡಿದವರು ಕೊನೆಯವರೆಗೂ ತಡಕಾಡಿದರೆ ನೀವು ಆರಿಸಿದ ಸನ್ನಿವೇಶ ನಿಮಗೊಬ್ಬರಿಗೇ ನೆನಪಿರುವಂಥದ್ದು.

ಶಾಲೆಯಲ್ಲಿ ಆಡಿಸುವವರು ಹಳೆಯ ಸಿನಿಮಾ ಕೊಟ್ಟರೆ ಹಿಂದಿನ ದಿನವೇ ಹೆಸರುಗಳ ಪಟ್ಟಿ ಮನೆಗೆ ಕಳಿಸಿ. ಮಕ್ಕಳು ಅಜ್ಜಿಯ ಹತ್ತಿರ ಕಥೆ ಕೇಳಿಕೊಂಡು ಬರಲಿ. ಫೋನಿನಲ್ಲಿ ಆಡಿಸುವವರು ‘ಗಾಳಿಪಟ’ಕ್ಕೆ ಕೊನೆಯಲ್ಲಿ 🪁 ಕಳಿಸುವಾಗ ಎಚ್ಚರ: ಆ ಚಿತ್ರ ಇಮೋಜಿ ಸಾಲಿಗೆ ಸೇರಿದ್ದು 2019ರಲ್ಲಿ, ಹಳೆಯ ಫೋನುಗಳಲ್ಲಿ ಖಾಲಿ ಚೌಕವಾಗಿ ಕಾಣುತ್ತದೆ.

ಇನ್ನು ನೋಡುಗರಲ್ಲಿ ಒಂದು ಬಿನ್ನಹ. ಉತ್ತರ ಹೊಳೆದ ಕೂಡಲೇ ಕೂಗಬೇಡಿ, ಚೀಟಿಯಲ್ಲಿ ಬರೆದು ಮಡಚಿಡಿ. ಪಕ್ಕದವರಿಗೂ ಯೋಚಿಸುವ ಹಕ್ಕಿದೆ.