ನೆಗೆಟಿವ್ ವರದಿ ಹೇಳದೆ ಬಿಡುವುದು

ಅಥಣಿ, ಕಾಗವಾಡದವರಿಗೆ ಕ್ಯಾನ್ಸರ್ ಎಂದರೆ ಮಿರಜದ ದಾರಿ. ನಿಪ್ಪಾಣಿಯವರು ಕೊಲ್ಹಾಪುರಕ್ಕೆ ಹೋಗುತ್ತಾರೆ. ಚಿಕ್ಕೋಡಿ, ರಾಯಬಾಗದವರು ಮಿರಜಕ್ಕೋ ಬೆಳಗಾವಿಗೋ ಹೊರಡುತ್ತಾರೆ. ಎಲ್ಲಿಗೇ ಹೋಗಲಿ, ಕಿಮೋ ಶುರುವಾಗುವ ಮುನ್ನ ಫೈಲಿಗೆ ಒಂದು ಹಾಳೆ ಸೇರುತ್ತದೆ. ಎಚ್‌ಐವಿ, ಎಚ್‌ಬಿಎಸ್‌ಎಜಿ, ಎಚ್‌ಸಿವಿ ಮೂರರ ಮುಂದೆಯೂ 'ನಾನ್ ರಿಯಾಕ್ಟಿವ್' ಎಂದಿದ್ದರೆ ಮನೆಯವರು ನಿರಾಳವಾಗುತ್ತಾರೆ. ಈ ಹಾಳೆಯ ಮೂಲ ಉದ್ದೇಶ ಬೇರೆ. ಆಪರೇಷನ್ ಮಾಡುವವರಿಗೆ, ಸೂಜಿ ಚುಚ್ಚುವವರಿಗೆ ಸೋಂಕು ತಗುಲದಿರಲಿ ಎಂದು ಬಂದ ರೂಢಿ ಇದು. ಆ ಕೆಲಸಕ್ಕೆ ಇದು ಸಾಕು. ಕಿಮೋ ತೆಗೆದುಕೊಳ್ಳುವವರ ಲಿವರ್ ಕಾಯಲು ಇದೊಂದೇ ಸಾಲದು ಎಂಬುದು ನನ್ನ ತಕರಾರು.

ಹೆಪಟೈಟಿಸ್ ಬಿ ವೈರಸ್ ಲಿವರಿನ ಜೀವಕೋಶ ಹೊಕ್ಕ ಮೇಲೆ ಅದರ ನ್ಯೂಕ್ಲಿಯಸ್‌ನಲ್ಲಿ ತನ್ನ ಡಿಎನ್‌ಎಯ ಒಂದು ಪುಟ್ಟ ಉಂಗುರ ಬಿಟ್ಟಿರುತ್ತದೆ. ರೋಗಿ ಗುಣವಾದರೂ, ರಕ್ತದಲ್ಲಿ ವೈರಸ್ಸಿನ ಹೊರಕವಚದ ಪ್ರೋಟೀನು, ಅಂದರೆ ಎಚ್‌ಬಿಎಸ್‌ಎಜಿ, ಕಾಣೆಯಾದರೂ ಆ ಉಂಗುರ ಜೀವನಪರ್ಯಂತ ಉಳಿಯಬಹುದು. ಅದು ತಲೆ ಎತ್ತದಂತೆ ಹಿಡಿದಿಟ್ಟಿರುವುದು ನಮ್ಮ ರೋಗನಿರೋಧಕ ಶಕ್ತಿ, ಮುಖ್ಯವಾಗಿ ಟಿ ಮತ್ತು ಬಿ ಕೋಶಗಳು. ಕಿಮೋ ಈ ಕಾವಲನ್ನೇ ಸಡಿಲಿಸುತ್ತದೆ. ಜೊತೆಗೆ ಕೊಡುವ ಪ್ರೆಡ್ನಿಸೋಲೋನ್‌ನಂಥ ಸ್ಟೆರಾಯ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ವೈರಸ್ಸಿನ ಡಿಎನ್‌ಎಯಲ್ಲೇ ಸ್ಟೆರಾಯ್ಡ್‌ಗೆ ಸ್ಪಂದಿಸುವ ತಾಣವೊಂದಿದ್ದು, ಅದು ವೈರಸ್ ಹೆಚ್ಚಲು ನೇರವಾಗಿ ಅನುಕೂಲ ಮಾಡಿಕೊಡುತ್ತದೆ.

ವೈರಸ್ ಹೆಚ್ಚುತ್ತಿರುವಾಗ ರೋಗಿಗೆ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ಈ ವೈರಸ್ ತಾನಾಗಿ ಲಿವರನ್ನು ಅಷ್ಟಾಗಿ ಕೆಡಿಸುವುದಿಲ್ಲ. ಕಿಮೋ ನಿಂತು ನಿರೋಧಕ ಶಕ್ತಿ ಮರಳಿದಾಗ ಅಪಾಯ ಶುರುವಾಗುತ್ತದೆ. ಮರಳಿ ಬಂದ ಕೋಶಗಳು ಸೋಂಕು ತುಂಬಿದ ಲಿವರ್ ಕೋಶಗಳನ್ನು ಒಮ್ಮೆಲೇ ಕೊಲ್ಲತೊಡಗುತ್ತವೆ. 1975ರಷ್ಟು ಹಿಂದೆಯೇ ವೈದ್ಯಕೀಯ ಪತ್ರಿಕೆಗಳು ಇದನ್ನು ವರದಿ ಮಾಡಿದ್ದವು. ಚಿಕಿತ್ಸೆ ನಿಲ್ಲಿಸಿದ ನಂತರ ಲಿವರ್ ಕೈಕೊಟ್ಟ ರೋಗಿಗಳ ಕಥೆ ಅವು.

ನಮ್ಮ ಕಡೆ ಇದು ಹೇಗೆ ನಡೆಯಬಹುದು ಎಂದು ತೋರಿಸಲು ಕಲ್ಪಿತ ರೋಗಿಯೊಬ್ಬರನ್ನು ತೆಗೆದುಕೊಳ್ಳುತ್ತೇನೆ. ರಾಯಬಾಗದ ಕಡೆಯ 60ರ ಕಬ್ಬು ಬೆಳೆಗಾರ. ಕೊರಳ ಗಂಟಿನ ಬಯಾಪ್ಸಿಯಲ್ಲಿ ಬಿ-ಕೋಶಗಳ ಲಿಂಫೋಮಾ ಎಂದು ಬಂತು. ಎಚ್‌ಬಿಎಸ್‌ಎಜಿ ಕಾರ್ಡ್ ನೆಗೆಟಿವ್, ಲಿವರಿನ ಎಎಲ್‌ಟಿ 28, ಅಂದರೆ ಸರಿಯಾಗಿದೆ. 21 ದಿನಕ್ಕೊಮ್ಮೆ ಆರು ಸಲ ಆರ್-ಚಾಪ್ ಎಂಬ ಚಿಕಿತ್ಸೆ ಶುರುವಾಗುತ್ತದೆ. ಅದರಲ್ಲಿ ರಿಟುಕ್ಸಿಮ್ಯಾಬ್ ಇದೆ, ಪ್ರತಿ ಸಲ ಐದು ದಿನ 100 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಇದೆ. ಮೂರನೇ ಸಲದ ಹೊತ್ತಿಗೆ ಗಂಟು ಕರಗಿದೆ, ಎಎಲ್‌ಟಿ ಇನ್ನೂ 30ರ ಆಸುಪಾಸಿನಲ್ಲೇ ಇದೆ. ಆರೂ ಮುಗಿದು ಊರಿಗೆ ಬಂದ ಎರಡು ತಿಂಗಳಿಗೆ ಸುಸ್ತು, ಹಳದಿ ಮೂತ್ರ, ಹಳದಿ ಕಣ್ಣು. ಎಎಲ್‌ಟಿ 840, ಬಿಲಿರುಬಿನ್ 9. ಈಗ ಕಾರ್ಡ್ ಹಾಕಿದರೆ ಎಚ್‌ಬಿಎಸ್‌ಎಜಿ ಪಾಸಿಟಿವ್!

ಮೊದಲ ಕಾರ್ಡ್ ತಪ್ಪು ಹೇಳಿರಲಿಲ್ಲ. ಅವತ್ತು ರಕ್ತದಲ್ಲಿ ಆ ಪ್ರೋಟೀನು ನಿಜಕ್ಕೂ ಇರಲಿಲ್ಲ. ಕೇಳಬೇಕಿದ್ದ ಪ್ರಶ್ನೆ ಬೇರೆ: ಈ ದೇಹಕ್ಕೆ ಎಂದಾದರೂ ಹೆಪಟೈಟಿಸ್ ಬಿ ತಗುಲಿತ್ತೇ? ಅದಕ್ಕೆ ಉತ್ತರ ಕೊಡುವುದು ಆ್ಯಂಟಿ-ಎಚ್‌ಬಿ ಕೋರ್ ಟೋಟಲ್ ಎಂಬ ಪರೀಕ್ಷೆ. ಇಲ್ಲಿ 'ಟೋಟಲ್' ಎನ್ನುವುದನ್ನು ಚೀಟಿಯಲ್ಲಿ ಬರೆಯಲೇಬೇಕು. ಬರೆಯದಿದ್ದರೆ ಲ್ಯಾಬಿನಲ್ಲಿ ಐಜಿಎಂ ಪರೀಕ್ಷೆ ನಡೆದುಬಿಡಬಹುದು. ಅದು ಹೊಸ ಸೋಂಕನ್ನು ಮಾತ್ರ ಹಿಡಿಯುತ್ತದೆ, ಹಳೆಯದಕ್ಕೆ ನೆಗೆಟಿವ್ ಎನ್ನುತ್ತದೆ. ಇನ್ನೊಂದು ಎಚ್ಚರ: ರೋಗಿಗೆ ರಕ್ತ ಕೊಟ್ಟ ಮೇಲೆ ಪರೀಕ್ಷಿಸಿದರೆ ದಾನಿಯ ಪ್ರತಿಕಾಯಗಳೇ ಕಾಣಿಸಿಕೊಂಡು ದಾರಿ ತಪ್ಪಿಸಬಹುದು. ಸ್ಯಾಂಪಲ್ ಮೊದಲೇ ತೆಗೆದಿಡಬೇಕು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲೇ ರಿಟುಕ್ಸಿಮ್ಯಾಬ್ ಮೇಲೆ ಹೆಪಟೈಟಿಸ್ ಬಿ ಹೀಗೆ ಕೆರಳುವುದರ ಬಗ್ಗೆ ತನ್ನ ಅತಿ ಗಂಭೀರ ಎಚ್ಚರಿಕೆ ಮುದ್ರಿಸಿತು. ಅಲ್ಲಿನ ಕ್ಯಾನ್ಸರ್ ತಜ್ಞರ ಸಂಘ 2020ರಲ್ಲಿ ಕಿಮೋ ಪಡೆಯುವ ಪ್ರತಿಯೊಬ್ಬರಿಗೂ ಎಚ್‌ಬಿಎಸ್‌ಎಜಿ, ಕೋರ್ ಟೋಟಲ್, ಸರ್ಫೇಸ್ ಪ್ರತಿಕಾಯ ಮೂರನ್ನೂ ಮಾಡಿ ಎಂದಿತು. ವರದಿಗಾಗಿ ಕಿಮೋ ತಡಮಾಡಬೇಡಿ ಎಂದೂ ಹೇಳಿತು. ಈ ಶಿಫಾರಸು ನನಗೆ ಸರಿಯೆನಿಸುತ್ತದೆ. ಆದರೆ ಕೋರ್ ಪಾಸಿಟಿವ್ ಬಂದ ಎಲ್ಲರಿಗೂ ವೈರಸ್ ತಡೆಯುವ ಮಾತ್ರೆ ಬೇಕಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ನಮ್ಮಲ್ಲಿ ಹಳೆಯ ಸೋಂಕಿನ ಗುರುತು ಹೊತ್ತ ವಯಸ್ಕರು ತುಂಬಾ ಜನ. ಹೆಪಟೈಟಿಸ್ ಬಿ ಲಸಿಕೆ ಮಕ್ಕಳಿಗೆ ದೇಶವ್ಯಾಪಿಯಾಗಿ ಸಿಕ್ಕಿದ್ದು 2011ರ ಹೊತ್ತಿಗೆ, ಹಾಗಾಗಿ ಈಗ ಕ್ಯಾನ್ಸರಿಗೆ ಬರುವ ವಯಸ್ಸಿನ ಹೆಚ್ಚಿನವರಿಗೆ ಅದು ಸಿಕ್ಕಿಯೇ ಇಲ್ಲ.

ಎಚ್‌ಬಿಎಸ್‌ಎಜಿ ಪಾಸಿಟಿವ್ ಇದ್ದವರಿಗೆ ಯಾವ ಕಿಮೋ ಆದರೂ ಮಾತ್ರೆ ಬೇಕೇ ಬೇಕು. ಮಾತ್ರೆ ಇಲ್ಲದಿದ್ದರೆ ಅವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ, ಕೆಲವು ಅಧ್ಯಯನಗಳಲ್ಲಿ ಇನ್ನೂ ಹೆಚ್ಚು ಜನಕ್ಕೆ, ವೈರಸ್ ಕೆರಳಿದ್ದು ಕಂಡಿದೆ. ಕೋರ್ ಮಾತ್ರ ಪಾಸಿಟಿವ್ ಇದ್ದು ರಿಟುಕ್ಸಿಮ್ಯಾಬ್ ಸಿಗುತ್ತಿರುವವರಿಗೂ, ನಮ್ಮ ಬೆಳೆಗಾರರಂಥವರಿಗೂ, ಮಾತ್ರೆ ಬೇಕು. ನಿಪ್ಪಾಣಿ ಭಾಗದ ಬಾಯಿ ಕ್ಯಾನ್ಸರ್ ರೋಗಿಗೆ ಸಿಸ್‌ಪ್ಲಾಟಿನ್ ಮಾತ್ರ ನಡೆಯುತ್ತಿದ್ದು, ಕೋರ್ ಒಂದೇ ಪಾಸಿಟಿವ್ ಆಗಿದ್ದರೆ ಅಪಾಯ ಬಹಳ ಕಡಿಮೆ. ಅವರಿಗೆ ಮೂರು ತಿಂಗಳಿಗೊಮ್ಮೆ ಎಎಲ್‌ಟಿ, ಎಚ್‌ಬಿಎಸ್‌ಎಜಿ ಮತ್ತು ಡಿಎನ್‌ಎ ನೋಡಿಕೊಂಡರೆ ಸಾಕು. ಅಂಥವರಿಗೆ ಮುಂದೆ ಮಾತ್ರೆ ಬೇಕೆನಿಸಿದರೂ ಟೆನೊಫೊವಿರ್‌ಗಿಂತ ಎಂಟೆಕವಿರ್ ಒಳ್ಳೆಯದು, ಏಕೆಂದರೆ ಸಿಸ್‌ಪ್ಲಾಟಿನ್ ಮತ್ತು ಹಳೆಯ ಮಾದರಿಯ ಟೆನೊಫೊವಿರ್ ಎರಡೂ ಕಿಡ್ನಿಗೆ ಭಾರ.

ಮಾತ್ರೆ ದಿನಕ್ಕೆ ಒಂದು. ಎಂಟೆಕವಿರ್ 0.5 ಮಿಲಿಗ್ರಾಂ, ಬರಿ ಹೊಟ್ಟೆಯಲ್ಲಿ. ಟೆನೊಫೊವಿರ್ 300 ಮಿಲಿಗ್ರಾಂ. ಹಿಂದೆ ಕೊಡುತ್ತಿದ್ದ ಲ್ಯಾಮಿವುಡಿನ್‌ಗೆ ವೈರಸ್ ಬೇಗ ಒಗ್ಗಿಬಿಡುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಔಷಧಿ ಉಚಿತವಾಗಿ ಸಿಗುತ್ತದೆ.

ಆದರೆ ಈ ಪದ್ಧತಿ ನಿಜವಾಗಿ ಸೋಲುವುದು ಕಿಮೋ ಮುಗಿದ ಮೇಲೆ. ಕೊನೆಯ ಕಿಮೋದ ನಂತರವೂ ಕನಿಷ್ಠ 12 ತಿಂಗಳು, ರಿಟುಕ್ಸಿಮ್ಯಾಬ್ ಪಡೆದಿದ್ದರೆ ಯುರೋಪಿನ ಲಿವರ್ ತಜ್ಞರ ಪ್ರಕಾರ 18 ತಿಂಗಳು ಮಾತ್ರೆ ನುಂಗಬೇಕು, ನಿಲ್ಲಿಸಿದ ಮೇಲೂ ಒಂದು ವರ್ಷ ರಕ್ತ ಪರೀಕ್ಷೆ ನಡೆಯಬೇಕು. ಗಡಿಯಾಚೆ ಚಿಕಿತ್ಸೆ ಪಡೆದವರ ವಿಷಯದಲ್ಲಿ ಇದನ್ನು ನೆನಪಿಸುವವರು ಯಾರು? ಫೈಲು ಮಿರಜದಲ್ಲಿ, ರೋಗಿ ಊರಲ್ಲಿ. ಕ್ಯಾನ್ಸರ್ ಹೋಯಿತು ಎಂಬ ನೆಮ್ಮದಿಯಲ್ಲಿ ಮಾತ್ರೆ ತಾನಾಗಿ ನಿಲ್ಲುತ್ತದೆ. ಕಣ್ಣು ಹಳದಿಯಾದರೆ 'ಕಾಮಣಿ ಆಗೇತಿ' ಎಂದು ನಾಟಿ ಔಷಧಿಗೆ ಹೋಗುತ್ತಾರೆ. ತೋರಿಸಲು ಹೋದರೂ ಇದು ಕಿಮೋದ ಅಡ್ಡಪರಿಣಾಮ ಎಂದೋ, ಕ್ಯಾನ್ಸರ್ ಲಿವರಿಗೆ ಹಬ್ಬಿತು ಎಂದೋ ಊಹೆ ನಡೆಯುತ್ತದೆ. ಡಿಎನ್‌ಎ ಸಾಮಾನ್ಯವಾಗಿ ಎಎಲ್‌ಟಿಗಿಂತ ಎರಡು ಮೂರು ವಾರ ಮೊದಲೇ ಏರಿರುತ್ತದೆ. ಕಾಮಣಿ ಕಾಣಿಸುವ ಹೊತ್ತಿಗೆ ಆ ವಾರಗಳು ಕಳೆದಿರುತ್ತವೆ. ಲಿವರ್ ವೈಫಲ್ಯ ಶುರುವಾದ ಮೇಲೆ ಮಾತ್ರೆ ಕೊಟ್ಟರೂ ಬದುಕಿಸುವುದು ಕಷ್ಟ.

ಹೀಗಾಗಿ ಮನೆಯಲ್ಲಿ ಯಾರಿಗಾದರೂ ಕಿಮೋ ಶುರುವಾಗುವುದಿದ್ದರೆ ಡಾಕ್ಟರರನ್ನು ಕೇಳಿ: "ಸಾಹೇಬ್ರ, ಕೋರ್ ಟೋಟಲ್ ಆಗೇತೇನ್ರಿ?" ಡಿಸ್ಚಾರ್ಜ್ ಚೀಟಿಯಲ್ಲಿ ಹೆಪಟೈಟಿಸ್ ಬಿ ಮಾತ್ರೆ ಯಾವ ತಾರೀಖಿನವರೆಗೆ ಎಂದು ಬರೆಸಿಕೊಳ್ಳಿ. ಕಿಮೋ ಮುಗಿದು ವರ್ಷವಾದ ಮೇಲೆ ಕಾಮಣಿ ಬಂದರೂ ಮೊದಲು ಎಚ್‌ಬಿಎಸ್‌ಎಜಿ ಮತ್ತು ಡಿಎನ್‌ಎ ಪರೀಕ್ಷೆ ಮಾಡಿಸಿ, ಹಳೆಯ ಕಿಮೋ ಫೈಲನ್ನು ಡಾಕ್ಟರರಿಗೆ ತೋರಿಸಿ.