ಶುಭಾಶಯದೊಳಗಿನ ಶ

ಈ ಸಲ ವಿಮರ್ಶೆಗೆ ಎತ್ತಿಕೊಂಡಿರುವುದು ಕಾದಂಬರಿಯಲ್ಲ, ಕವನ ಸಂಕಲನವೂ ಅಲ್ಲ. ಒಂದು ಯುಗಾದಿ ಕಾರ್ಡು. ಸನತ್‌ನಗರ, ಎರ್ರಗಡ್ಡ, ಭರತ್‌ನಗರದ ಕಡೆ ಇರುವ ನಾವು ಕೆಲವು ಕನ್ನಡ ಮನೆಯವರು ಸೇರಿ ಅಚ್ಚು ಹಾಕಿಸಿದ್ದು. ಒಳಗಿರುವುದು ಎರಡೇ ಸಾಲು:

"ತಮಗೂ ತಮ್ಮ ಕುಟುಂಬದವರಿಗೂ ಯುಗಾದಿ ಹಬ್ಬದ ಹಾರ್ದಿಕ ಶುಭಾಷಯಗಳು.
ವರ್ಷವಿಡೀ ಜೊತೆಗಿದ್ದುದಕ್ಕೆ ಧನ್ಯವಾದಗಳು."

ಓದುವಾಗ ನಿಮಗೆ ಎಲ್ಲಾದರೂ ತಡೆಯಿತೆ? ನನಗೆ ತಡೆದಿರಲಿಲ್ಲ. ಕರಡು ತಿದ್ದಿ "ಓಕೆ, ಹಾಕಿ" ಅಂದವನು ನಾನೇ. ಆದ್ದರಿಂದ ಇದು ನನ್ನ ಮೇಲಿನ ವಿಮರ್ಶೆಯೂ ಹೌದು.

ನಾನು ಕರಡು ನೋಡಿರಲಿಲ್ಲ ಎಂದಲ್ಲ, ಚೆನ್ನಾಗಿಯೇ ನೋಡಿದ್ದೆ. ಪ್ರೆಸ್ಸಿನಿಂದ ಬಂದ ಮೊದಲ ಪ್ರೂಫಿನಲ್ಲಿ "ಧನ್ಯವಾದ" ಒಡೆದು "ಧನ್‌ಯವಾದ" ಆಗಿತ್ತು. "ಹಾರ್ದಿಕ" ಕೂಡ "ಹಾರ್‌ದಿಕ" ಆಗಿ ನಿಂತಿತ್ತು. ಅದನ್ನು ಮೊದಲು ಗುರುತಿಸಿದ್ದು ನಾನಲ್ಲ, ಕನ್ನಡ ಬಾರದ ಡಿಟಿಪಿ ಹುಡುಗ. "ಸರ್, ಈ ವತ್ತು ಕಿಂದಿಕಿ ರಾಲೇದು" ಅಂದ. ಒತ್ತು ಕೆಳಗೆ ಇಳಿದಿಲ್ಲ ಎಂದು. ತೆಲುಗಿನಲ್ಲೂ ಯ ಒತ್ತು ಕೆಳಗೇ ಇಳಿಯಬೇಕು, ಹಾಗಾಗಿ ಅವನ ಕಣ್ಣಿಗೆ ಬಿತ್ತು.

ಇದಕ್ಕೆ ಕಾರಣ ಸರಳ. ಯೂನಿಕೋಡ್‌ನಲ್ಲಿ "ನ್ಯ" ಒಂದು ಅಕ್ಷರವಾಗಿ ಕೂತಿರುವುದಿಲ್ಲ. ನ, ವಿರಾಮ ಚಿಹ್ನೆ, ಯ ಎಂದು ಮೂರು ಸಂಕೇತಗಳು ಸಾಲಾಗಿರುತ್ತವೆ. ಅವನ್ನು ಕೂಡಿಸಿ ಒತ್ತಕ್ಷರದ ಆಕಾರ ಕೊಡುವುದು ತಂತ್ರಾಂಶದ ಕೆಲಸ. ನಮ್ಮ ಭಾಷೆಗಳ ಜೋಡಣೆ ಗೊತ್ತಿಲ್ಲದ ಹಳೆಯ ಪುಟವಿನ್ಯಾಸ ತಂತ್ರಾಂಶಕ್ಕೆ ವಾಟ್ಸಾಪ್‌ನಿಂದ ನಕಲು ಮಾಡಿ ಅಂಟಿಸಿದರೆ ಅದು ಮೂರನ್ನೂ ಬಿಡಿಬಿಡಿಯಾಗಿ ಬಿಡಿಸಿಡುತ್ತದೆ. ನಾವು ಅಕ್ಷರ ಅಂಟಿಸುವುದನ್ನು ಬಿಟ್ಟು, ಫಾಂಟ್ ಸೇರಿಸಿದ ಪಿಡಿಎಫ್ ಮಾಡಿ ಕಳಿಸಿದೆವು. ಒತ್ತು ಇಳಿಯಿತು, ಅರ್ಕಾವತ್ತು ತನ್ನ ಜಾಗಕ್ಕೆ ಬಂತು.

ತಮಾಷೆಯೆಂದರೆ, ಕಾರ್ಡಿನ ಹಿಂಬದಿಯ ವಿಳಾಸದಲ್ಲಿ ಇದರ ತಿರುವುಮುರುವು ಆಗಿತ್ತು. "ಸನತ್‌ನಗರ" ಎಂಬುದು "ಸನತ್ನಗರ" ಆಗಿತ್ತು. ಇಲ್ಲಿ ತ್ ಮತ್ತು ನ ಕೂಡಬಾರದು. ಅವೆರಡರ ನಡುವೆ U+200C ಎಂಬ ಸಂಕೇತವಿರಬೇಕು. ಕಣ್ಣಿಗೆ ಕಾಣದ ಅದರ ಕೆಲಸ ಒಂದೇ: ಪಕ್ಕದ ಎರಡು ಅಕ್ಷರ ಕೂಡದಂತೆ ತಡೆಯುವುದು. ನಕಲು ಮಾಡುವಾಗ ಅದು ಉದುರಿಹೋಗಿತ್ತು. ಅದನ್ನೂ ಸರಿಮಾಡಿಸಿದೆ. ಇಷ್ಟೆಲ್ಲ ಹಿಡಿದೆ ಎಂಬ ಹೆಮ್ಮೆಯಲ್ಲೇ "ಹಾಕಿ" ಅಂದದ್ದು.

ಆದರೆ ಇವೆಲ್ಲ ಯಂತ್ರದ ತಪ್ಪುಗಳು. ಯಂತ್ರ ತಪ್ಪು ಮಾಡಿದರೆ ಅಕ್ಷರ ಕುರೂಪವಾಗುತ್ತದೆ, ಕನ್ನಡ ಬಾರದವನಿಗೂ ಕಾಣುತ್ತದೆ. ಕೈ ಮಾಡಿದ ತಪ್ಪು ಹಾಗಲ್ಲ. "ಶುಭಾಷಯ" ನೋಡಲು ಲಕ್ಷಣವಾಗಿಯೇ ಇದೆ. ಅದನ್ನು ಮೊಬೈಲಿನಲ್ಲಿ ಟೈಪಿಸಿದ್ದೂ ನಾನೇ.

ತಪ್ಪು ಹೊರಬಿದ್ದದ್ದು ರಾಯಚೂರಿನಿಂದ. ನನ್ನ ಮಗಳು ಇಲ್ಲೇ ಐದನೇ ಕ್ಲಾಸು. ತೆಲಂಗಾಣದಲ್ಲಿ 2018ರ ಕಾನೂನಿನ ನಂತರ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಹಾಗಾಗಿ ತೆಲುಗು ಸಲೀಸಾಗಿ ಓದುತ್ತಾಳೆ, ಅದರ ಆಸರೆಯಲ್ಲಿ ಕನ್ನಡ ಕೂಡಿಸಿಕೊಂಡು ಓದುತ್ತಾಳೆ. ಕನ್ನಡಕ್ಕೆಂದು ಅವಳಿಗೆ ಪಠ್ಯಪುಸ್ತಕವಿಲ್ಲ, ಮನೆಗೆ ಬಂದ ಕಾರ್ಡು, ಕ್ಯಾಲೆಂಡರು, ಮದುವೆ ಪತ್ರಿಕೆಗಳೇ ಪುಸ್ತಕ. ನಮ್ಮ ಕಾರ್ಡಿನ ಮೊದಲ ಸಾಲನ್ನು ಬಣ್ಣದ ಪೆನ್ನಿನಲ್ಲಿ ಅಚ್ಚುಕಟ್ಟಾಗಿ ನಕಲು ಮಾಡಿ ಅಜ್ಜಿಗೆ ಕಳಿಸಿದಳು. ನನ್ನ ಅವ್ವ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಫೋನ್ ಮಾಡಿ ತಪ್ಪು ಅಂತ ಹೇಳಲಿಲ್ಲ.

"ಭಾಳ ಛಂದ ಬರದೀದಿ ಕೂಸ. ಈಗ ಜಲಾಶಯ ಅಂತ ಬರದು ಕಳಸು, ನೋಡೋಣ" ಅಂದಳು.

ಹೊಸಪೇಟೆ ಹತ್ತಿರದ ತುಂಗಭದ್ರಾ ಜಲಾಶಯದ ಬೋರ್ಡಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋ ನಮ್ಮ ಮನೆಯಲ್ಲಿದೆ. ಮಗಳು ಅದನ್ನು ನೋಡಿ ಬರೆದಳು. ಅಲ್ಲಿದ್ದದ್ದು ಶ.

"ಅಲ್ಲಿರೂದೂ ಆಶಯ, ಇಲ್ಲಿರೂದೂ ಆಶಯ. ಅಲ್ಲಿ ಶ, ಇಲ್ಲಿ ಷ ಯಾಕ? ನಿಮ್ಮಪ್ಪನ್ನ ಕೇಳು" ಅಂದಳು ಅವ್ವ.

ನನಗೆ ಉತ್ತರ ಗೊತ್ತಿತ್ತು, ಆದರೆ ಅದು ಬೆರಳಿಗೆ ಗೊತ್ತಿರಲಿಲ್ಲ. ಶುಭ ಮತ್ತು ಆಶಯ ಸೇರಿ ಸವರ್ಣದೀರ್ಘ ಸಂಧಿಯಾಗಿ ಶುಭಾಶಯ. ಜಲ ಮತ್ತು ಆಶಯ ಜಲಾಶಯವಾದಂತೆ, ಗರ್ಭ ಮತ್ತು ಆಶಯ ಗರ್ಭಾಶಯವಾದಂತೆ. ಜಲಾಶಯವನ್ನು ಷ ಹಾಕಿ ಬರೆದವರನ್ನು ನಾನು ನೋಡಿಲ್ಲ. ಹಾಗಿದ್ದರೆ ಶುಭಾಶಯಕ್ಕೆ ಮಾತ್ರ ಯಾಕೆ ಷ ಬರುತ್ತದೆ?

ಕಾರಣ ನಡುವಿನ "ಭಾ" ಎಂದು ನನ್ನ ಊಹೆ. ಆ ಪದವನ್ನು ನಾವು ಶುಭ, ಆಶಯ ಎಂದು ಬಿಡಿಸಿ ನೋಡುವುದಿಲ್ಲ. ಕಣ್ಣು ಅದನ್ನು ಶು, ಭಾಷ, ಯ ಎಂದು ಕತ್ತರಿಸುತ್ತದೆ. ಭಾಷೆ, ಭಾಷಣ, ಸುಭಾಷಿತ, ಸುಭಾಷ್ ಎಂಬ ಹೆಸರು, ಇವೆಲ್ಲದರಲ್ಲೂ ಭಾ ಆದಮೇಲೆ ಷ. ಬೆರಳಿಗೆ ಅದೇ ರೂಢಿ. ಜಲಾಶಯದಲ್ಲಿ ಭಾ ಇಲ್ಲ, ಗರ್ಭಾಶಯದಲ್ಲಿ ಗರ್ಭ ಎದ್ದು ಕಾಣುತ್ತದೆ, ಆದ್ದರಿಂದ ಅವು ಬಚಾವಾದವು. ಕಿವಿಯೂ ಇಲ್ಲಿ ನೆರವಿಗೆ ಬರುವುದಿಲ್ಲ. ಶ ತಾಲವ್ಯ, ಷ ಮೂರ್ಧನ್ಯ ಎಂದು ವ್ಯಾಕರಣ ಹೇಳಿದರೂ ನಮ್ಮ ಆಡುಮಾತಿನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ಇನ್ನು ಟೈಪಿಸುವಾಗ ಎರಡರ ನಡುವೆ ಇರುವುದು ಒಂದೇ ಕೀಲಿ. ಬರಹದಲ್ಲಿ sh ಒತ್ತಿದರೆ ಶ, Sh ಒತ್ತಿದರೆ ಷ. ಕೆ.ಪಿ. ರಾವ್ ವಿನ್ಯಾಸದಲ್ಲಿ S ಶ, x ಷ. ಬೆರಳು ಯಾವ ಕಡೆ ಹೋಗಬೇಕು ಎಂದು ಹೇಳುವುದು ಪದವನ್ನು ಬಿಡಿಸಿ ನೋಡಿದ ನೆನಪು ಮಾತ್ರ.

ಧನ್ಯವಾದದ ಕತೆ ಬೇರೆ. ಕಾರ್ಡಿನಲ್ಲಿ ಅದು ಸರಿಯಾಗಿತ್ತು. ಆದರೆ ಕಾರ್ಡು ತಲುಪಿದವರಿಂದ ಬಂದ ಉತ್ತರಗಳಲ್ಲಿ "ದನ್ಯವಾದ" ಇತ್ತು, "ಧನ್ಯವಾಧ" ಕೂಡ ಇತ್ತು. ಮೊದಲನೆಯದರಲ್ಲಿ ಸೀಳು ಬಿಟ್ಟುಹೋಗಿದೆ, ಎರಡನೆಯದರಲ್ಲಿ ಬೇಡದ ಕಡೆಯೂ ಸೀಳಿದೆ. ಇಲ್ಲೂ ಎರಡು ತುಂಡು ಮಾಡಿದರೆ ಗೊಂದಲ ಮುಗಿಯುತ್ತದೆ. ಧನ್ಯ ಬಂದದ್ದು ಧನದಿಂದ. ಸೀಳು ತೆಗೆದರೆ ದನ, ಅಂದರೆ ಹಟ್ಟಿಯಲ್ಲಿರುವುದು. ವಾದ ಎಂದರೆ ನುಡಿಯುವುದು. ಆಶೀರ್ವಾದ, ಸಂವಾದ, ವಿವಾದ ಎಲ್ಲದರಲ್ಲೂ ಬರಿಯ ದ. ಹೈದರಾಬಾದಿನಲ್ಲಿರುವ ನಮಗೆ ಇನ್ನೊಂದು ಅನುಕೂಲವಿದೆ. ತೆಲುಗಿನ "ಧನ್ಯವಾದಾಲು" ಎಂಬುದರಲ್ಲೂ ಮೊದಲು ಧ, ಆಮೇಲೆ ದ. ಹಬ್ಬದ ಫ್ಲೆಕ್ಸುಗಳ "ಶುಭಾಕಾಂಕ್ಷಲು" ಕೂಡ ಶುಭ ಮತ್ತು ಆಕಾಂಕ್ಷೆ ಸೇರಿ ಆದದ್ದು. ಪಕ್ಕದ ಭಾಷೆಯಿಂದ ನಮ್ಮ ಕಾಗುಣಿತ ಕೆಡುತ್ತದೆ ಎಂದು ನಾವು ಆಗಾಗ ಗೊಣಗುತ್ತೇವೆ. ಈ ಎರಡು ಪದಗಳ ಮಟ್ಟಿಗೆ ಬೀದಿಯ ತೆಲುಗು ಬೋರ್ಡೇ ನಮ್ಮನ್ನು ತಿದ್ದುತ್ತದೆ.

ಬಳಗದಲ್ಲಿ ಈ ವಿಷಯ ಎತ್ತಿದಾಗ ಒಬ್ಬ ಗೆಳೆಯ ಬಲವಾದ ಪ್ರಶ್ನೆಯನ್ನೇ ಹಾಕಿದ. "ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರೇ ಮಹಾಪ್ರಾಣ ಬೇಡ, ಷ ಬೇಡ ಅಂದಿದ್ದಾರಲ್ಲ ಮಾರಾಯ, ನೀನು ಯಾಕೆ ಒಂದು ಅಕ್ಷರಕ್ಕೆ ಒದ್ದಾಡ್ತೀಯ?" ಈ ವಾದವನ್ನು ತಳ್ಳಿಹಾಕುವಂತಿಲ್ಲ. ಕನ್ನಡಿಗರು ಮಾತಿನಲ್ಲಿ ಉಳಿಸಿಕೊಳ್ಳದ ವ್ಯತ್ಯಾಸಗಳನ್ನು ಬರಹದಲ್ಲಿ ಹೊರುವುದು ಓದು ಕಲಿಯುವವರಿಗೆ ಅನಗತ್ಯ ಭಾರ ಎಂಬುದು ಭಟ್ಟರ ನಿಲುವು. ಆ ಹೊಸಬರಹದ ದಾರಿಯಲ್ಲಿ ನಡೆಯುವವರು "ಶುಬಾಶಯ" ಎಂದು ಬರೆಯುತ್ತಾರೆ, ಧನ್ಯವಾದದ ಜಾಗದಲ್ಲಿ ಹಲವರು "ನನ್ನಿ" ಎನ್ನುತ್ತಾರೆ. ಅದು ತಪ್ಪಲ್ಲ, ಬೇರೆ ನಿಯಮ. ಒಂದೇ ನಿಯಮವನ್ನು ಮೊದಲಿನಿಂದ ಕೊನೆಯವರೆಗೆ ಪಾಲಿಸಿದರೆ ಮಗು ಅದನ್ನು ಕಲಿಯಬಲ್ಲದು.

ಆದರೆ ನನ್ನ "ಶುಭಾಷಯ" ಆ ದಾರಿಯದ್ದಲ್ಲ. ಭ ಹಾಗೇ ಇದೆ, ಅಂದರೆ ಮಹಾಪ್ರಾಣ ಬಿಟ್ಟಿಲ್ಲ. ಭಟ್ಟರು ಬೇಡವೆಂದ ಷ ಅಕ್ಷರವನ್ನು, ಅದು ಇಲ್ಲದ ಜಾಗಕ್ಕೆ ನಾನೇ ಕರೆತಂದಿದ್ದೇನೆ. ಭಾರ ಇಳಿಸುವ ಬದಲು ಏರಿಸಿದ್ದೇನೆ. ಹಳೆಯ ಬರಹದಲ್ಲೂ ಹೊಸ ಬರಹದಲ್ಲೂ ಈ ಪದದಲ್ಲಿ ಬರುವುದು ಶ ಒಂದೇ, ಎರಡು ಪಕ್ಷಗಳೂ ಒಪ್ಪುವ ಜಾಗದಲ್ಲಿ ನಾನು ತಪ್ಪಿದ್ದೇನೆ. ಇದನ್ನು ಹೇಳಿದ ಮೇಲೆ ಗೆಳೆಯ ನಕ್ಕು, "ಅರ್ಥ ಆದರೆ ಸಾಕಲ್ಲ" ಅಂದ. ಪತ್ರದಲ್ಲೋ ಹರಟೆಯಲ್ಲೋ ಆಗಿದ್ದರೆ ನಾನೂ ಸಾಕು ಎನ್ನುತ್ತಿದ್ದೆ. ಅಲ್ಲಿ ಬೇರೆ ನೂರು ಪದಗಳಿರುತ್ತವೆ, ಸುದ್ದಿಯಿರುತ್ತದೆ. ಈ ಕಾರ್ಡಿನಲ್ಲಿ ಸುದ್ದಿಯೇ ಇಲ್ಲ. ಯುಗಾದಿ ಬಂತೆಂದು ಎಲ್ಲರಿಗೂ ಗೊತ್ತು. ಇರುವುದು ಶುಭಾಶಯ, ಧನ್ಯವಾದ ಎಂಬ ಎರಡು ಪದ. ಅದರಲ್ಲಿ ಒಂದು ತಪ್ಪಿದರೆ ಕಾರ್ಡಿನ ಅರ್ಧ ಹೋದಂತೆ. ಮೇಲಾಗಿ, ಅದನ್ನು ಅಕ್ಷರ ಅಕ್ಷರ ನಕಲು ಮಾಡುವ ಓದುಗಳು ನನ್ನ ಮನೆಯಲ್ಲೇ ಇದ್ದಾಳೆ.

ಹಂಚದೆ ಉಳಿದ ಅರವತ್ತು ಕಾರ್ಡುಗಳನ್ನು ಮಗಳೂ ನಾನೂ ಮೇಜಿನ ಮೇಲೆ ಹರಡಿಕೊಂಡು ಕೂತೆವು. ಪೆನ್ನಿನಲ್ಲೇ ತಿದ್ದಬಹುದೇನೋ ಎಂದುಕೊಂಡಿದ್ದೆ. ದ ಅಕ್ಷರವನ್ನು ಧ ಮಾಡಬೇಕಿದ್ದರೆ ಕೆಳಗೆ ಒಂದು ಸಣ್ಣ ಗೆರೆ ಎಳೆದರೆ ಮುಗಿಯುತ್ತಿತ್ತು. ಷ ಹಾಗೆ ಶ ಆಗುವುದಿಲ್ಲ, ಅದರ ಮೈಯೇ ಬೇರೆ. ಕೊನೆಗೆ ಬಿಳಿ ಕಾಗದದ ಪಟ್ಟಿಗಳನ್ನು ಕತ್ತರಿಸಿ, ಒಂದೊಂದರ ಮೇಲೂ "ಶುಭಾಶಯಗಳು" ಎಂದು ಬರೆದು ಅಂಟಿಸಿದೆವು. ಮೊದಲ ಹತ್ತು ನಾನು ಬರೆದೆ, ಉಳಿದ ಐವತ್ತು ಅವಳು. ಒಂದನ್ನು ಅಜ್ಜಿಗೆ ಅಂಚೆಯಲ್ಲಿ ಕಳಿಸಿದಳು, ಲಕೋಟೆಯ ಹಿಂದೆ ನಮ್ಮ ವಿಳಾಸವನ್ನೂ ಅವಳೇ ಬರೆದಳು. ಸನತ್ ಎಂದು ಬರೆದು, ಒಂದು ಕ್ಷಣ ನಿಲ್ಲಿಸಿ, ಆಮೇಲೆ ನಗರ ಎಂದು ಬರೆದಳು.